ಎರಡು ಸಮ ತಳಗಳ ಕೆಳಗೆ ಯಾರ ಸ್ಟಾಪ್ ಇರುತ್ತದೆ?

ಪ್ರಶ್ನೆ: ಸರ್, ನಾನು ದಾವಣಗೆರೆಯವನು. ಎರಡು ವರ್ಷದಿಂದ ನಿಫ್ಟಿ ಫ್ಯೂಚರ್ಸ್‌ನಲ್ಲಿ 5 ನಿಮಿಷದ ಚಾರ್ಟ್ ನೋಡಿ ಟ್ರೇಡ್ ಮಾಡ್ತೀನಿ. ಎರಡು ಸಲ ಒಂದೇ ಮಟ್ಟದಲ್ಲಿ ತಳ ಮಾಡಿದ್ರೆ ಗಟ್ಟಿ ಸಪೋರ್ಟ್ ಅಂತ ತಗೊಂಡು, 5 ಪಾಯಿಂಟ್ ಕೆಳಗೆ ಸ್ಟಾಪ್ ಹಾಕ್ತೀನಿ. ಸರಿಯಾಗಿ ಅದನ್ನ ಹೊಡೆದು ಅಲ್ಲಿಂದಲೇ ಮೇಲೆ ಹೋಗುತ್ತೆ. ನನ್ನ ಸ್ಟಾಪ್ ಯಾರಿಗೋ ಕಾಣ್ತಿದೆಯಾ? ಆಮೇಲೆ ತಳದ ಕೆಳಗಿನ ಸ್ಟಾಪ್‌ಗಳನ್ನ ಗುಡಿಸಿಕೊಂಡು ಹೋಗೋ ಸ್ವೀಪ್ ಆಗೋವರೆಗೆ ಕಾದು ತಗೊಳ್ಳೋಣ ಅಂತ ಶುರು ಮಾಡಿದೆ. ಈಗ ಕೆಳಗೆ ಹೋದದ್ದು ವಾಪಸ್ಸೇ ಬರಲ್ಲ. ಯಾವುದು ಸ್ವೀಪ್, ಯಾವುದು ನಿಜವಾದ ಬ್ರೇಕ್‌ಡೌನ್ ಅಂತ ಮೊದಲೇ ಗೊತ್ತಾಗೋದು ಹೇಗೆ?

ಉತ್ತರ: ಮೊದಲೇ ಗೊತ್ತಾಗುವುದಿಲ್ಲ. ಗೆರೆ ಮುರಿಯುವ ಆ ಕ್ಷಣದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ವ್ಯತ್ಯಾಸ ಗೊತ್ತಾಗುವುದು ಆಮೇಲಿನ ಹತ್ತು ಹದಿನೈದು ನಿಮಿಷದಲ್ಲಿ. ನಿಮ್ಮ ಎರಡನೇ ತೊಂದರೆ ಹುಟ್ಟಿರುವುದೇ ಅಲ್ಲಿ. ನೀವು ಸ್ವೀಪ್‌ಗೆ ಕಾಯುತ್ತಿದ್ದೀರಿ, ಆದರೆ ಸ್ವೀಪ್ ಮುಗಿಯುವುದಕ್ಕೆ ಕಾಯುತ್ತಿಲ್ಲ.

ಮೊದಲು ಆ ಕಾಣುವ ವಿಷಯ ಮುಗಿಸಿಬಿಡೋಣ. ನೀವು ಹಾಕಿದ ಸ್ಟಾಪ್ ಆರ್ಡರ್ ಎಕ್ಸ್‌ಚೇಂಜ್‌ನಲ್ಲಿ ಬೇರೆಯಾಗಿ ಕೂತಿರುತ್ತದೆ. ಟ್ರಿಗರ್ ಬೆಲೆ ಮುಟ್ಟುವ ತನಕ ಮಾರ್ಕೆಟ್ ಡೆಪ್ತ್‌ನಲ್ಲಿ ಅದು ಯಾರಿಗೂ ಕಾಣುವುದಿಲ್ಲ. ಬ್ರೋಕರ್ ಸಿಸ್ಟಂನಲ್ಲಿ ನಿಮ್ಮ ಆರ್ಡರ್ ದಾಖಲಾಗಿರುತ್ತದೆ, ನಿಜ. ಆದರೆ ನಿಮ್ಮ ಒಂದೆರಡು ಲಾಟ್ ಕಿತ್ತುಕೊಳ್ಳುವುದಕ್ಕೆ ನಿಫ್ಟಿ ಫ್ಯೂಚರ್ಸನ್ನು ಇಪ್ಪತ್ತು ಪಾಯಿಂಟ್ ತಳ್ಳಬೇಕಾದರೆ ಆಗುವ ಖರ್ಚು ಯೋಚಿಸಿ. ಯಾರೂ ಅಂಥ ದಡ್ಡ ವ್ಯಾಪಾರ ಮಾಡುವುದಿಲ್ಲ.

ನೋಡುವ ಅಗತ್ಯವೂ ಇಲ್ಲ. ಚಾರ್ಟ್‌ನಲ್ಲಿ ಒಂದೇ ಮಟ್ಟದಲ್ಲಿ ಎರಡು ತಳ ಕಂಡರೆ ನೀವು ಎಲ್ಲಿ ಗೆರೆ ಎಳೆಯುತ್ತೀರೋ ಸಾವಿರಾರು ಜನ ಅಲ್ಲೇ ಎಳೆಯುತ್ತಾರೆ. ಎಲ್ಲರೂ ಅದೇ ಪಾಠ ಕಲಿತವರು, ಸ್ಟಾಪ್ ಇಡುವುದೂ ಅದರ ಕೆಳಗೇ. ಜೊತೆಗೆ ಇನ್ನೊಂದು ಗುಂಪು ಇದೆ. ಈ ಗೆರೆ ಮುರಿದರೆ ಶಾರ್ಟ್ ಮಾಡೋಣ ಅಂತ ಕಾದವರು. ಲಾಂಗ್ ಇದ್ದವನ ಸ್ಟಾಪ್ ಅಂದರೆ ಮಾರುವ ಆರ್ಡರ್. ಬ್ರೇಕ್‌ಡೌನ್ ಹಿಡಿಯಲು ಕಾದವನದೂ ಮಾರುವ ಆರ್ಡರ್. ಹೀಗೆ ಸಮ ತಳಗಳ ಕೆಳಗೆ ಮಾರಾಟದ ಒಂದು ರಾಶಿ ಸೇರಿಕೊಂಡಿರುತ್ತದೆ. ಲಿಕ್ವಿಡಿಟಿ ಅಂತ ಕರೆಯುವುದು ಇದನ್ನೇ. ಸಮ ಶಿಖರಗಳ ಮೇಲೆ ಇದೇ ರಾಶಿ ತಿರುವುಮುರುವಾಗಿ ಇರುತ್ತದೆ, ಶಾರ್ಟ್ ಇದ್ದವರ ಸ್ಟಾಪ್ ಅಂದರೆ ಕೊಳ್ಳುವ ಆರ್ಡರ್ ಅಷ್ಟೇ. ಮುಂದೆ ತಳದ ಬಗ್ಗೆ ಹೇಳುವುದೆಲ್ಲ ಶಿಖರಕ್ಕೂ ಕನ್ನಡಿ ಹಿಡಿದಂತೆ ಅನ್ವಯವಾಗುತ್ತದೆ.

ಆ ರಾಶಿ ಯಾರಿಗೆ ಬೇಕು? ನೀವು ದಾವಣಗೆರೆಯವರು, ಮೆಕ್ಕೆಜೋಳದ ಮಾರುಕಟ್ಟೆ ನೋಡಿರುತ್ತೀರಿ. ಐದು ಸಾವಿರ ಚೀಲ ಬೇಕಾದವನು ಆವಕ ಕಡಿಮೆ ಇರುವ ದಿನ ಬಂದು ಕೂಗಿದರೆ ರೇಟು ಅವನ ಕೈಯಿಂದಲೇ ಏರಿಬಿಡುತ್ತದೆ. ಲಾರಿ ಮೇಲೆ ಲಾರಿ ಬಂದು, ರೈತರು ಕೊಟ್ಟು ಹೋದರೆ ಸಾಕು ಅನ್ನುವ ದಿನ ಅವನ ದಿನ. ಫ್ಯೂಚರ್ಸ್‌ನಲ್ಲಿ ದೊಡ್ಡ ಮೊತ್ತ ಕೊಳ್ಳಬೇಕಾದವನ ಕಷ್ಟವೂ ಇದೇ. ಒಂದೇ ಸಲ ನೂರಾರು ಲಾಟ್ ಮಾರುವವರು ಅವನಿಗೆ ಬೇಕು. ಅಂಥವರು ಸಿಗುವ ಜಾಗ ಸಮ ತಳಗಳ ಕೆಳಗೆ. ಇದಕ್ಕೆ ಪಿತೂರಿ ಬೇಕಿಲ್ಲ. ಅವನು ಅಲ್ಲಿ ಕೊಳ್ಳುವ ಆರ್ಡರ್ ಇಟ್ಟು ಸುಮ್ಮನೆ ಕೂತರೂ ಸಾಕು, ಬೆಲೆ ತಾನಾಗಿ ಅಲ್ಲಿಗೆ ಜಾರಿದಾಗ ನಿಮ್ಮ ಸ್ಟಾಪ್ ಅವನ ಚೀಲಕ್ಕೆ ಬೀಳುತ್ತದೆ.

ಇಲ್ಲಿ ತನಕ ವಿಡಿಯೊಗಳಲ್ಲಿ ಎಲ್ಲರೂ ಹೇಳುತ್ತಾರೆ. ಇನ್ನರ್ಧ ಭಾಗ ಹೇಳುವವರು ಕಡಿಮೆ.

ಕರೋಲ್ ಓಸ್ಲರ್ ಎಂಬ ಅರ್ಥಶಾಸ್ತ್ರಜ್ಞೆ ಒಂದು ದೊಡ್ಡ ಬ್ಯಾಂಕಿಗೆ ಬಂದಿದ್ದ ವಿದೇಶಿ ವಿನಿಮಯದ ಸಾವಿರಾರು ಸ್ಟಾಪ್‌ಲಾಸ್ ಮತ್ತು ಲಾಭ ಬುಕ್ ಮಾಡುವ ಆರ್ಡರ್‌ಗಳನ್ನು ಅಧ್ಯಯನ ಮಾಡಿದ್ದರು. ಲಾಭದ ಆರ್ಡರ್‌ಗಳು ದುಂಡು ಸಂಖ್ಯೆಯ ಮೇಲೇ ಗುಂಪಾಗಿದ್ದವು. ಸ್ಟಾಪ್‌ಲಾಸ್‌ಗಳು ಆ ಸಂಖ್ಯೆಯನ್ನು ದಾಟಿದ ತಕ್ಷಣದ ಜಾಗದಲ್ಲಿ ಗುಂಪಾಗಿದ್ದವು. ಸ್ಟಾಪ್‌ಗಳು ಒಂದೆಡೆ ಸೇರುತ್ತವೆ ಅನ್ನುವುದು ಬರೀ ಮಾತಲ್ಲ, ಆರ್ಡರ್ ಪುಸ್ತಕದಲ್ಲೇ ಕಂಡದ್ದು. ಆದರೆ ಅವರು ತೋರಿಸಿದ ಮುಖ್ಯ ಸಂಗತಿ ಇನ್ನೊಂದು. ಸ್ಟಾಪ್‌ಗಳ ಗುಂಪನ್ನು ಮುಟ್ಟಿದ ಬೆಲೆ ಅದೇ ದಿಕ್ಕಿನಲ್ಲಿ ಇನ್ನೂ ಜೋರಾಗಿ ಓಡುವ ಕಡೆಗೇ ವಾಲುತ್ತದೆ. ಒಬ್ಬನ ಸ್ಟಾಪ್ ಬೆಲೆಯನ್ನು ಕೆಳಗೆ ತಳ್ಳುತ್ತದೆ, ಅದು ಮುಂದಿನವನ ಸ್ಟಾಪನ್ನು ಎಬ್ಬಿಸುತ್ತದೆ.

ಅಂದರೆ ಒಂದೇ ರಾಶಿ ಎರಡು ಕೆಲಸ ಮಾಡಬಲ್ಲದು. ಕೆಳಗೆ ದೊಡ್ಡ ಕೊಳ್ಳುವವನಿದ್ದರೆ ರಾಶಿ ಖಾಲಿಯಾಗಿ ಬೆಲೆ ಹಿಂದಿರುಗುತ್ತದೆ. ಇಲ್ಲದಿದ್ದರೆ ಅದೇ ರಾಶಿ ಬೆಂಕಿಗೆ ಸೀಮೆಎಣ್ಣೆ. ಸ್ವೀಪ್ ಆಯಿತು ಅನ್ನುವುದು ಸ್ಟಾಪ್‌ಗಳು ಎದ್ದವು ಅಂತ ಮಾತ್ರ ಹೇಳುತ್ತದೆ. ಅವನ್ನು ಯಾರಾದರೂ ತೆಗೆದುಕೊಂಡರಾ ಅಂತ ಹೇಳುವುದಿಲ್ಲ. ಬೆಲೆ ಗೆರೆಯ ಮೇಲಕ್ಕೆ ವಾಪಸ್ ಬಂದು ನಿಂತಾಗ ಮಾತ್ರ ತೆಗೆದುಕೊಂಡವನ ಗುರುತು ಸಿಗುತ್ತದೆ.

ಒಂದು ದಿನವನ್ನು ಹತ್ತಿರದಿಂದ ನೋಡೋಣ. ಅಂಕಿಗಳು ಲೆಕ್ಕ ಹಾಕಲು ನಾನೇ ಇಟ್ಟದ್ದು, ಆದರೆ ಆಕಾರ ನೀವು ವಾರಕ್ಕೊಮ್ಮೆಯಾದರೂ ನೋಡುವಂಥದ್ದು. ನಿಫ್ಟಿ ಫ್ಯೂಚರ್ಸ್ ಬೆಳಿಗ್ಗೆ 10:20ಕ್ಕೆ 24,812ರಲ್ಲಿ ತಳ ಮಾಡಿ 24,878ಕ್ಕೆ ಏರಿತು. 12:05ಕ್ಕೆ ಮತ್ತೆ ಇಳಿದು 24,815ರಲ್ಲಿ ನಿಂತು ಎದ್ದಿತು.

ಇವು ಸಮ ತಳಗಳೇ? ಮೂರು ಪಾಯಿಂಟ್ ವ್ಯತ್ಯಾಸ ಇದೆ, ಪರವಾಗಿಲ್ಲ. ಪೈಸೆಗೆ ಪೈಸೆ ಸರಿಹೊಂದಬೇಕಿಲ್ಲ. ಆ ದಿನದ ಒಂದು ಸಾಮಾನ್ಯ 5 ನಿಮಿಷದ ಕ್ಯಾಂಡಲ್‌ನ ಎತ್ತರದ ಕಾಲು ಭಾಗದೊಳಗೆ ಇದ್ದರೆ ನಾನು ಸಮ ಅಂತಲೇ ಲೆಕ್ಕ ಹಾಕುತ್ತೇನೆ. ಹೆಚ್ಚು ಮುಖ್ಯವಾದದ್ದು ಎರಡನೇ ತಳ ಮೊದಲನೆಯದನ್ನು ಮುರಿದಿಲ್ಲ ಅನ್ನುವುದು. ಎರಡನೆಯದು 24,806 ಆಗಿದ್ದರೆ ಮೊದಲ ತಳದ ಕೆಳಗಿನ ಸ್ಟಾಪ್‌ಗಳಲ್ಲಿ ಒಂದಷ್ಟು ಆಗಲೇ ಎದ್ದು ಹೋಗಿರುತ್ತಿದ್ದವು, ರಾಶಿ ಕರಗಿರುತ್ತಿತ್ತು. ಇನ್ನೊಂದು, ಎರಡು ತಳಗಳ ನಡುವೆ ಕಣ್ಣಿಗೆ ಕಾಣುವ ಏರಿಕೆ ಇರಬೇಕು. ಇಲ್ಲಿ 66 ಪಾಯಿಂಟ್ ಇದೆ, ಒಂದೂ ಮುಕ್ಕಾಲು ಗಂಟೆ ಕಳೆದಿದೆ. ಮೂರು ಕ್ಯಾಂಡಲ್ ಅಂತರದಲ್ಲಿ ಬಂದ ಎರಡು ತಳ ಎರಡಲ್ಲ, ಒಂದೇ. ಅದರ ಕೆಳಗೆ ಅಷ್ಟೊಂದು ಜನ ಸೇರುವುದಕ್ಕೆ ಸಮಯವೇ ಸಿಕ್ಕಿರುವುದಿಲ್ಲ.

ಈಗ 1:40ರ ಕ್ಯಾಂಡಲ್. 24,826ರಲ್ಲಿ ಓಪನ್ ಆಗಿ 24,797ರ ತನಕ ಬಿದ್ದು 24,803ರಲ್ಲಿ ಕ್ಲೋಸ್ ಆಯಿತು. ನಿಮ್ಮ 24,807ರ ಸ್ಟಾಪ್ ಹೋಯಿತು. ಗೆರೆಯ ಕೆಳಗೇ ಕ್ಲೋಸ್ ಆಗಿದೆ, ನೋಡುವುದಕ್ಕೆ ಪಕ್ಕಾ ಬ್ರೇಕ್‌ಡೌನ್. ಮುಂದಿನ 1:45ರ ಕ್ಯಾಂಡಲ್ 24,794ಕ್ಕೆ ಇಳಿದು, ತಿರುಗಿ 24,821ರಲ್ಲಿ ಕ್ಲೋಸ್ ಆಯಿತು. ಅಂದರೆ ಎರಡೂ ತಳಗಳ ಮೇಲಕ್ಕೆ ಬಂತು. ಹತ್ತು ನಿಮಿಷದೊಳಗೆ ವಾಪಸ್. ಕೆಳಗೆ ಶಾರ್ಟ್ ಮಾಡಿದವರು ಈಗ ನಷ್ಟದಲ್ಲಿದ್ದಾರೆ. ಅವರು ಹೊರಬರಬೇಕಾದರೆ ಕೊಳ್ಳಲೇಬೇಕು. ಏರಿಕೆಗೆ ಮೊದಲ ಬಲ ಬರುವುದು ಹೆಚ್ಚಾಗಿ ಅವರಿಂದಲೇ.

ಇಲ್ಲಿ ಎಂಟ್ರಿಗೆ ಮೂರು ದಾರಿ ಇವೆ. ನೀವು ಈಗ ಮಾಡುತ್ತಿರುವುದು ಮೊದಲನೆಯದು ಅಂತ ನನ್ನ ಊಹೆ.

ಅದು ಗೆರೆಯ ಕೆಳಗೆ ಮೊದಲೇ ಲಿಮಿಟ್ ಆರ್ಡರ್ ಇಟ್ಟು ಕಾಯುವುದು. 24,800ಕ್ಕೆ ಕೊಳ್ಳುವ ಆರ್ಡರ್, 24,770ಕ್ಕೆ ಸ್ಟಾಪ್, 24,878 ಟಾರ್ಗೆಟ್. ಕಾಗದದ ಮೇಲೆ ಚಂದ. 30 ಪಾಯಿಂಟ್ ರಿಸ್ಕ್‌ಗೆ 78 ಪಾಯಿಂಟ್ ಲಾಭ. ತೊಂದರೆ ಏನೆಂದರೆ ಈ ಆರ್ಡರ್ ಯಾವ ದಿನಗಳಲ್ಲಿ ತುಂಬುತ್ತದೆ ಅನ್ನುವುದು. ಸ್ವೀಪ್ 24,804ಕ್ಕೇ ನಿಂತು ತಿರುಗಿದ ಒಳ್ಳೆಯ ದಿನ ನಿಮಗೆ ಸಿಗುವುದೇ ಇಲ್ಲ. ಬೆಲೆ ಬಿದ್ದು 24,700ಕ್ಕೆ ಹೋದ ಕೆಟ್ಟ ದಿನ ತಪ್ಪದೆ ಸಿಗುತ್ತದೆ. ಒಳ್ಳೆಯವು ಸೋಸಿ ಹೋಗಿ ಕೆಟ್ಟವೆಲ್ಲ ಕೈಯಲ್ಲಿ ಉಳಿಯುತ್ತವೆ. ಕೆಳಗೆ ಹೋದದ್ದು ವಾಪಸ್ಸೇ ಬರಲ್ಲ ಅಂತ ನಿಮಗೆ ಅನ್ನಿಸುವುದಕ್ಕೆ ಅರ್ಧ ಕಾರಣ ಇದೇ ಸೋಸಾಣಿಕೆ.

ಎರಡನೆಯದು, ವಾಪಸ್ ಬಂದ ಕ್ಯಾಂಡಲ್ ಕ್ಲೋಸ್ ಆದ ಮೇಲೆ ಕೊಳ್ಳುವುದು. 1:50ಕ್ಕೆ 24,821ರಲ್ಲಿ ಎಂಟ್ರಿ. ಸ್ಟಾಪ್ ಸ್ವೀಪ್‌ನ ತಳ 24,794ರ ಸ್ವಲ್ಪ ಕೆಳಗೆ, 24,790ಕ್ಕೆ. ರಿಸ್ಕ್ 31 ಪಾಯಿಂಟ್, 24,878ಕ್ಕೆ ಲಾಭ 57. ಬ್ರೋಕರೇಜ್, ತೆರಿಗೆ, ಸ್ಲಿಪೇಜ್ ಎಲ್ಲ ಸೇರಿ 3 ಪಾಯಿಂಟ್ ಅಂತ ಇಟ್ಟುಕೊಳ್ಳಿ. ನಿಮಗೆ ನಿಜವಾಗಿ ಎಷ್ಟಾಗುತ್ತದೆ ಅಂತ ಕಾಂಟ್ರಾಕ್ಟ್ ನೋಟ್‌ನಲ್ಲಿ ನೋಡಿ, ಜಾಸ್ತಿಯೇ ಇರಬಹುದು. ಆಗ ಸೋತರೆ 34, ಗೆದ್ದರೆ 54. ನಷ್ಟ ಆಗದೆ ಉಳಿಯಲು ನೂರರಲ್ಲಿ 39 ಸಲ ಗೆಲ್ಲಬೇಕು. ಇಲ್ಲಿ ತಳದ ಬೆಲೆ ನಿಮಗೆ ಸಿಗುವುದಿಲ್ಲ, 27 ಪಾಯಿಂಟ್ ಬಿಟ್ಟುಕೊಟ್ಟಿದ್ದೀರಿ. ಆ 27 ಪಾಯಿಂಟ್ ಕೊಟ್ಟು, ನೇರವಾಗಿ ಬಿದ್ದುಹೋದ ದಿನಗಳನ್ನೆಲ್ಲ ಹೊರಗಿಟ್ಟಿದ್ದೀರಿ. ನನ್ನ ಪ್ರಕಾರ ಅದು ದುಬಾರಿ ಅಲ್ಲ.

ಮೂರನೆಯದು, ವಾಪಸ್ ಬಂದ ಮೇಲೂ ಕಾದು, ಹಳೆಯ ಗೆರೆಯನ್ನು ಮೇಲಿನಿಂದ ಮತ್ತೆ ಮುಟ್ಟಿದಾಗ 24,814ರ ಹತ್ತಿರ ಕೊಳ್ಳುವುದು. ರಿಸ್ಕ್ 24ಕ್ಕೆ ಇಳಿಯುತ್ತದೆ, ಲಾಭ 64 ಆಗುತ್ತದೆ. ಅದೇ 3 ಪಾಯಿಂಟ್ ಖರ್ಚು ಕಳೆದರೆ ನೂರರಲ್ಲಿ 31 ಗೆದ್ದರೂ ಸಾಕು. ಆದರೆ ಇದರಲ್ಲೂ ಒಂದು ಸೋಸಾಣಿಕೆ ಅಡಗಿದೆ. ತುಂಬ ಬಲವಾಗಿ ತಿರುಗಿದ್ದು ಮತ್ತೆ ಕೆಳಗೆ ಬರುವುದಿಲ್ಲ, ನಿಮ್ಮನ್ನು ಬಿಟ್ಟು ಹೊರಟುಬಿಡುತ್ತದೆ. ಆಗ ಹಿಂದೆ ಓಡಿ 24,850ಕ್ಕೆ ಕೊಳ್ಳುವ ಚಟ ಇರುವವರಿಗೆ ಈ ದಾರಿ ಬೇಡ. ಅಂಥವರಿಗೆ ಎರಡನೆಯದೇ ಸರಿ.

ಅದೇ ದಿನ ಬ್ರೇಕ್‌ಡೌನ್ ಆಗಿದ್ದರೆ ಹೇಗಿರುತ್ತಿತ್ತು? 1:40ರ ಕ್ಯಾಂಡಲ್ ಹಾಗೇ ಇರುತ್ತಿತ್ತು, ಒಂದು ಕೂದಲೆಳೆಯೂ ಬೇರೆ ಇಲ್ಲದೆ. 1:45ರದು 24,799ರಲ್ಲಿ ಕ್ಲೋಸ್ ಆಗುತ್ತಿತ್ತು. 1:50ರದು 24,810ರ ತನಕ ಏರಿ, ಗೆರೆಯನ್ನು ಕೆಳಗಿನಿಂದ ಮುಟ್ಟಿಯೂ ಮುಟ್ಟದಂತೆ ತಿರುಗಿಬಿಡುತ್ತಿತ್ತು. ಆ ಒಂದು ನೋಟ ಕಲಿತುಕೊಳ್ಳಿ. ಅಲ್ಲಿ ತನಕ ನೆಲವಾಗಿದ್ದ ಗೆರೆ ಈಗ ತಲೆಗೆ ತಾಗುವ ಚಾವಣಿ ಆಗಿದೆ. ಮೇಲಿದ್ದಾಗ ಕೊಂಡು ಸಿಕ್ಕಿಹಾಕಿಕೊಂಡವರು ಅಸಲು ಬಂದರೆ ಸಾಕು ಅಂತ ಅಲ್ಲಿ ಮಾರುತ್ತಿದ್ದಾರೆ. ನನ್ನ ಲೆಕ್ಕದಲ್ಲಿ ಮೂರು ಕ್ಯಾಂಡಲ್, ಅಂದರೆ ಹದಿನೈದು ನಿಮಿಷದೊಳಗೆ ಗೆರೆಯ ಮೇಲೆ ಕ್ಲೋಸ್ ಸಿಗದಿದ್ದರೆ ಆ ಸ್ವೀಪ್‌ನ ಕಥೆ ಮುಗಿಯಿತು. ಮೂರು ಅನ್ನುವುದು ಶಾಸ್ತ್ರ ಅಲ್ಲ, ನನಗೆ ಒಗ್ಗಿದ ಅಳತೆ. ನಿಮ್ಮದು ಎರಡೋ ನಾಲ್ಕೋ ಆಗಬಹುದು, ಆದರೆ ಗೆರೆ ಮುರಿಯುವ ಮುಂಚೆ ನಿಗದಿ ಮಾಡಿರಬೇಕು.

ವಾಪಸ್ ಬಂದ ಮೇಲೂ ಸೋಲುವ ಸಂದರ್ಭಗಳಿವೆ. ಒಂದು ಸಾಮಾನ್ಯ ಕಾಟ ಎರಡನೇ ಸ್ವೀಪ್. 24,794ರ ತಳವನ್ನು ಈಗ ಎಲ್ಲರೂ ನೋಡಿದ್ದಾರೆ. ನಿಮ್ಮ ಥರ ಸ್ವೀಪ್ ಆದ ಮೇಲೆ ಕೊಂಡವರೆಲ್ಲ ಅದರ ಕೆಳಗೆ ಸ್ಟಾಪ್ ಇಟ್ಟಿದ್ದಾರೆ. ಅಂದರೆ ನೀವೇ ಹೊಸ ರಾಶಿ ಆಗಿದ್ದೀರಿ. ಇದಕ್ಕೆ ಔಷಧ ಇಲ್ಲ. ಸ್ಟಾಪನ್ನು ಇನ್ನೂ ಹತ್ತು ಪಾಯಿಂಟ್ ದೂರ ಇಟ್ಟು ಲಾಟ್ ಕಡಿಮೆ ಮಾಡಬಹುದು. ಅಥವಾ ಸ್ಟಾಪ್ ಹೋದರೆ ಮತ್ತೊಮ್ಮೆ ಮಾತ್ರ ಪ್ರಯತ್ನ ಅಂತ ನಿಯಮ ಹಾಕಿಕೊಳ್ಳಬಹುದು. ನಾನು ಶುರುವಿನಲ್ಲಿ ಈ ನಿಯಮ ಇಲ್ಲದೆ ಒಂದೇ ಮಧ್ಯಾಹ್ನ ನಾಲ್ಕು ಸ್ವೀಪ್ ಕೊಂಡಿದ್ದೆ. ನಾಲ್ಕೂ ಸಲ ಗೆರೆಯ ಮೇಲೆ ಕ್ಲೋಸ್ ಸಿಕ್ಕಿತ್ತು, ನಾಲ್ಕೂ ಸಲ ಸ್ಟಾಪ್ ಹೋಯಿತು. ಸಂಜೆ ಚಾರ್ಟನ್ನು ಚಿಕ್ಕದು ಮಾಡಿ ನೋಡಿದರೆ ಬೆಳಿಗ್ಗೆಯಿಂದ ಬೆಲೆ ಒಂದು ಸಲವೂ VWAP, ಅಂದರೆ ವಹಿವಾಟಿನ ಪ್ರಮಾಣಕ್ಕೆ ತಕ್ಕಂತೆ ಲೆಕ್ಕ ಹಾಕಿದ ಆ ದಿನದ ಸರಾಸರಿ ಬೆಲೆಯ ಗೆರೆಯ ಮೇಲೆ ನಿಂತಿರಲಿಲ್ಲ. ಅಂಥ ದಿನ ಸಮ ತಳ ಅಂದರೆ ಕೆಳಗೆ ಹೋಗುವ ಬಸ್ಸಿನ ಒಂದು ಸ್ಟಾಪು, ಅಷ್ಟೇ.

ಹಾಗಾಗಿ ಕೊಳ್ಳುವ ಮುಂಚೆ ನಾನು ಮೇಲೆ ನೋಡುತ್ತೇನೆ. ಬೆಲೆ ಎದ್ದು ಹೋಗುವುದಕ್ಕೆ ಅಲ್ಲಿ ಕಾರಣ ಇದೆಯಾ? ಇನ್ನೂ ಮುಟ್ಟದ ಸಮ ಶಿಖರಗಳಿದ್ದರೆ ಅವುಗಳ ಮೇಲೆ ಕೊಳ್ಳುವ ಸ್ಟಾಪ್‌ಗಳ ರಾಶಿ ಇರುತ್ತದೆ, ಅದು ಟಾರ್ಗೆಟ್ ಆಗಬಲ್ಲದು. ದಿನವಿಡೀ ರೇಂಜ್‌ನಲ್ಲಿ ಆಡುತ್ತಿರುವ ಮಾರುಕಟ್ಟೆಯಲ್ಲಿ ಕೆಳಗಿನ ಸ್ವೀಪ್ ಚೆನ್ನಾಗಿ ಕೆಲಸ ಮಾಡುತ್ತದೆ. ಒಂದೇ ದಿಕ್ಕಿಗೆ ಓಡುತ್ತಿರುವ ದಿನ ಆ ದಿಕ್ಕಿನ ವಿರುದ್ಧ ಸ್ವೀಪ್ ಹಿಡಿಯಬೇಡಿ. ಸುದ್ದಿಯ ದಿನಗಳಂತೂ ಬೇಡವೇ ಬೇಡ. 2024ರ ಜೂನ್ 4ರಂದು ಚುನಾವಣಾ ಫಲಿತಾಂಶದ ದಿನ ನಿಫ್ಟಿ ಸುಮಾರು ಶೇ. 6ರಷ್ಟು ಬಿತ್ತು. ಅಂಥ ದಿನ ಮಾರುವವನು ನಿಮ್ಮ ಗೆರೆ ನೋಡಿ ಮಾರುತ್ತಿರುವುದಿಲ್ಲ.

ಗೆರೆ ಎಳೆಯುವ ಚಾರ್ಟ್ ಬಗ್ಗೆ ಒಂದು ಮಾತು. ನೀವು ಫ್ಯೂಚರ್ಸ್ ಮಾಡುವವರು, ಫ್ಯೂಚರ್ಸ್ ಚಾರ್ಟ್‌ನಲ್ಲೇ ಗೆರೆ ಎಳೆಯಿರಿ. ಬಹಳ ಜನ ನಿಫ್ಟಿ ಸ್ಪಾಟ್ ಚಾರ್ಟ್‌ನಲ್ಲಿ ಎಳೆಯುತ್ತಾರೆ. ಸ್ಪಾಟ್ ಅನ್ನುವುದು 50 ಶೇರುಗಳ ಲೆಕ್ಕಾಚಾರದಿಂದ ಬರುವ ಅಂಕಿ, ಅದನ್ನು ಯಾರೂ ನೇರವಾಗಿ ಕೊಳ್ಳಲು ಮಾರಲು ಆಗುವುದಿಲ್ಲ. ಅದರ ತಳದ ಕೆಳಗೆ ಒಂದೂ ಆರ್ಡರ್ ಕೂತಿರುವುದಿಲ್ಲ. ಆದರೂ ಅನೇಕರು ಸ್ಪಾಟ್ ನೋಡಿಯೇ ಫ್ಯೂಚರ್ಸ್‌ನಿಂದ ಹೊರಬರುವುದರಿಂದ ಅದಕ್ಕೂ ಒಂದಿಷ್ಟು ಬೆಲೆ ಇದೆ. ಎರಡೂ ಚಾರ್ಟ್‌ನಲ್ಲಿ ತಳಗಳು ಸಮ ಕಂಡರೆ ನನಗೆ ನಂಬಿಕೆ ಹೆಚ್ಚು. ಆಪ್ಷನ್ ಪ್ರೀಮಿಯಂ ಚಾರ್ಟ್‌ನಲ್ಲಿ ಸಮ ತಳ ಹುಡುಕುವವರನ್ನೂ ನೋಡಿದ್ದೇನೆ. ಪ್ರೀಮಿಯಂ ಸಮಯ ಕಳೆದಂತೆ ತಾನೇ ಕರಗುತ್ತದೆ. ನಿಫ್ಟಿ ಅಲ್ಲಾಡದಿದ್ದರೂ ಅಲ್ಲಿ ತಳ ಮುರಿಯುತ್ತದೆ. ಅದು ಸ್ವೀಪ್ ಅಲ್ಲ, ಗಡಿಯಾರ.

ಸ್ಟಾಪ್ ಹಾಕುವಾಗ ಇನ್ನೊಂದು ಸಣ್ಣ ವಿಷಯ. SL ಆರ್ಡರ್‌ನಲ್ಲಿ ಟ್ರಿಗರ್ ಬೇರೆ, ಲಿಮಿಟ್ ಬೇರೆ. ಎರಡನ್ನೂ 24,790 ಅಂತ ಕೊಟ್ಟರೆ ಬೆಲೆ ಜೋರಾಗಿ ಜಾರಿದಾಗ ಟ್ರಿಗರ್ ಆಗಿಯೂ ಮಾರಾಟ ಆಗದೆ ಉಳಿಯಬಹುದು. ನೀವು ಹೊರಬಂದೆ ಅಂದುಕೊಂಡಿರುತ್ತೀರಿ, ಪೊಸಿಷನ್ ಕೈಯಲ್ಲೇ ಇರುತ್ತದೆ. ಸ್ಟಾಪ್‌ಗಳು ಗುಂಪಾಗಿ ಏಳುವ ಜಾಗದಲ್ಲೇ ನೀವಿರುವುದರಿಂದ ಈ ಅಪಾಯ ನಿಮಗೆ ಬೇರೆಯವರಿಗಿಂತ ಜಾಸ್ತಿ. ಲಿಮಿಟನ್ನು ಹತ್ತು ಹದಿನೈದು ಪಾಯಿಂಟ್ ಕೆಳಗೆ ಕೊಡಿ.

ಇನ್ನು ನಿಮ್ಮ 5 ಪಾಯಿಂಟ್. ಅದು ಎಲ್ಲಿಂದ ಬಂತು ಅಂತ ನೀವೇ ಕೇಳಿಕೊಳ್ಳಿ. ಬಹುಶಃ ನಷ್ಟ ಚಿಕ್ಕದಿರಲಿ ಅನ್ನುವ ಆಸೆಯಿಂದ ಬಂದದ್ದು, ಚಾರ್ಟ್‌ನಿಂದ ಅಲ್ಲ. ಮುಂದಿನ ಎರಡು ತಿಂಗಳು ಹಣ ಹಾಕದೆ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಫ್ಯೂಚರ್ಸ್‌ನ 5 ನಿಮಿಷದ ಚಾರ್ಟ್‌ನಲ್ಲಿ ಸಮ ತಳ ಅಥವಾ ಸಮ ಶಿಖರ ಮುರಿದಾಗಲೆಲ್ಲ ನಾಲ್ಕು ಅಂಕಿ ಬರೆಯಿರಿ: ಗೆರೆಯಿಂದ ಎಷ್ಟು ಪಾಯಿಂಟ್ ಆಚೆ ಹೋಯಿತು, ಎಷ್ಟನೇ ಕ್ಯಾಂಡಲ್‌ನಲ್ಲಿ ವಾಪಸ್ ಕ್ಲೋಸ್ ಆಯಿತು, ಆಮೇಲೆ ಎಷ್ಟು ದೂರ ಓಡಿತು, ಆಗ ಬೆಲೆ VWAPನ ಯಾವ ಕಡೆ ಇತ್ತು. ವಾಪಸ್ ಬರದವನ್ನೂ ಬಿಡದೆ ಬರೆಯಬೇಕು. ನಲವತ್ತು ಸಾಲು ಸೇರುವ ಹೊತ್ತಿಗೆ ವಾಪಸ್ ಬಂದ ಸ್ವೀಪ್‌ಗಳು ಸಾಮಾನ್ಯವಾಗಿ ಎಷ್ಟು ಆಳಕ್ಕೆ ಹೋಗಿದ್ದವು ಅಂತ ಕಣ್ಣಿಗೆ ಕಾಣುತ್ತದೆ. ಅದು 15 ಅಥವಾ 20 ಪಾಯಿಂಟ್ ಇದ್ದರೆ, ಗೆರೆಯ 5 ಪಾಯಿಂಟ್ ಕೆಳಗಿನ ಸ್ಟಾಪ್ ಮೊದಲ ದಿನದಿಂದಲೂ ರಾಶಿಯ ಮಧ್ಯದಲ್ಲೇ ಇತ್ತು ಅಂತ ಆಯಿತಲ್ವಾ?